ಪ್ರಾರ್ಥನೆ ಯಾವ ಭಾಷೆಯಲ್ಲಿ: ತಾಯ್ನುಡಿಯೋ, ಅರಬ್ಬಿ-ಸಂಸ್ಕೃತವೋ?

ಮೊದಲು ನೋಡಬೇಕಾದ್ದು, ನೀವು ಮಾಡುವುದು ವಿಧಿಯೋ ಬೇಡಿಕೆಯೋ ಎಂಬುದನ್ನು.

ಸಿಂಧುತ್ವದ ಮಾತಿಗೆ ಬಂದರೆ, ನಮಾಜಿನಲ್ಲಿ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಅರಬ್ಬಿಯಲ್ಲೇ ಇರಬೇಕೆಂದು ಶಾಫಿ, ಮಾಲಿಕಿ, ಹಂಬಲಿ ಪಂಥಗಳು ಹೇಳುತ್ತವೆ. ಇಮಾಮ್ ಅಬೂ ಹನೀಫಾ ಪರ್ಷಿಯನ್ ಪಠಣವನ್ನೂ ಒಪ್ಪಿದ್ದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಲ್ ಶೈಬಾನಿ ಅದನ್ನು ಅರಬ್ಬಿ ಬಾರದವರಿಗಷ್ಟೇ ಸೀಮಿತಗೊಳಿಸಿದರು. ಅಬೂ ಹನೀಫಾರ ಹನಫಿ ಪಂಥದಲ್ಲಿ ಉಳಿದದ್ದು ಶಿಷ್ಯರ ಮತವೇ. ವೇದಮಂತ್ರದ ವಿಷಯದಲ್ಲಿ, ವೇದವಿಧಿಗಳನ್ನು ವಿವೇಚಿಸುವ ಮೀಮಾಂಸಕರೂ ಹೀಗೇ ಬಿಗಿ: ಪದ, ಕ್ರಮ, ಸ್ವರ ಮೂರೂ ಸೇರಿಯೇ ಮಂತ್ರ. ಅರ್ಥ ಒಂದೇ ಎಂದು ಬೇರೆ ಮಾತು ಹಾಕಿದರೆ ಅದು ಮಂತ್ರವಾಗಿ ಉಳಿಯದು.

ಆದರೆ ನಮಾಜಿನ ಹೊರಗೆ ಮಾಡುವ ದುಆಗೆ, ಅಂದರೆ ದೇವರಲ್ಲಿ ಸ್ವಂತ ಬೇಡಿಕೆಗೆ, ಈ ಕಟ್ಟಿಲ್ಲ; ಯಾವ ಭಾಷೆಯಾದರೂ ನಡೆಯುತ್ತದೆ. ಭಕ್ತಿಪಂಥಗಳಲ್ಲಂತೂ ಆಡುಮಾತೇ ಪೂಜೆಯಾಗಿದೆ. ಕಾಯಿಲೆ, ಸಾಲ, ಸಾವಿನ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ನನ್ನ ಆಯ್ಕೆ ತಾಯ್ನುಡಿಯೇ. ಬಾಯಿಪಾಠದ ಸಾಲುಗಳು ಅಲ್ಲಿ ನನ್ನ ದುಃಖವನ್ನು ಮುಟ್ಟುವುದಿಲ್ಲ.

ಒಟ್ಟಾಗಿ ನಿಲ್ಲುವಾಗ ಮಾತ್ರ ವಿಧಿಭಾಷೆಯದೇ ಮೇಲುಗೈ: ಬೇರೆ ಬೇರೆ ನುಡಿಯವರೂ ಒಂದೇ ಪಠಣಕ್ಕೆ ದನಿಗೂಡಿಸಬಹುದು.

ಹೊಸದಾಗಿ ನಮಾಜ್ ಕಲಿಯುತ್ತಿರುವವರು ಫಾತಿಹಾ ಬರುವವರೆಗೆ ಕಾಯಬೇಕಿಲ್ಲ. ಶಾಫಿ ಕ್ರಮದಲ್ಲಿ ಗೊತ್ತಿರುವ ಕುರಾನಿನ ಬೇರೆ ಏಳು ಆಯತ್‌ಗಳನ್ನು ಓದಬಹುದು. ಅದೂ ಬಾರದಿದ್ದರೆ ‘ಸುಬ್‌ಹಾನಲ್ಲಾಹ್’ನಂಥ ಸ್ಮರಣೆ ಸಾಕು. ಕಲಿಯುತ್ತಲೇ ಅನುವಾದವನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲಿನ ಅರ್ಥ ತಿಳಿದುಕೊಳ್ಳಿ.