ಗ್ಲಾಸ್ ಬ್ಯಾಗ್, ಹಳೇ ಕೇಜ್: ಕಿಲ್ನ್ ಬ್ಯಾಗ್ ಹೌಸ್‌ನಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಮೆಕ್ಯಾನಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ದಿನಕ್ಕೆ 4,500 ಟನ್ ಕ್ಲಿಂಕರ್‌ನ ಕಿಲ್ನ್. ಕಿಲ್ನ್ ಮತ್ತು ರಾ ಮಿಲ್‌ಗೆ ಸೇರಿ, ಗ್ಯಾಸ್‌ನಿಂದ ಧೂಳು ಸೋಸುವ ಒಂದೇ ಬ್ಯಾಗ್ ಹೌಸ್. ಅದರಲ್ಲಿ ಎಂಟು ಚೇಂಬರ್, ಒಂದೊಂದರಲ್ಲಿ 26 ಸಾಲು, ಸಾಲಿಗೆ 16 ಬ್ಯಾಗ್. ಒಟ್ಟು 3,328. ನಾಲ್ಕು ವರ್ಷದ ಹಿಂದೆ ಇಷ್ಟಕ್ಕೂ ಪಿಟಿಎಫ್‌ಇ ಮೆಂಬ್ರೇನ್ ಅಂಟಿಸಿದ ಗ್ಲಾಸ್ ಫೈಬರ್ ಬ್ಯಾಗ್ ಹಾಕಿದೆವು. 160 ಎಂಎಂ ವ್ಯಾಸ, 6 ಮೀಟರ್ ಉದ್ದ. ಕಂಪನಿ ಹೆಸರು ಹೇಳುವುದಿಲ್ಲ. ಇಲ್ಲಿ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಮ್ಮವೇ.

ಗ್ಲಾಸ್ ಯಾಕೆ ಅಂತ ಮೊದಲು ಹೇಳುತ್ತೇನೆ. ನಮ್ಮ ಸಿಮೆಂಟ್ ಮಿಲ್ ಮತ್ತು ಪ್ಯಾಕರ್‌ನಲ್ಲಿ ಪಾಲಿಯೆಸ್ಟರ್ ಫೆಲ್ಟ್ ಬ್ಯಾಗ್ ಇದೆ. ಅಲ್ಲಿ ಅದೇ ಸಾಕು, ಅಗ್ಗ, ಗಟ್ಟಿ. ಆದರೆ ಪಾಲಿಯೆಸ್ಟರ್ 130 ಡಿಗ್ರಿ ದಾಟಿದರೆ ನಿಲ್ಲುವುದಿಲ್ಲ, ಬಿಸಿಯ ಜೊತೆ ತೇವ ಸೇರಿದರೆ ಅದಕ್ಕೂ ಮೊದಲೇ ಸಾಯುತ್ತದೆ. ಕಿಲ್ನ್ ಗ್ಯಾಸ್ ಕಥೆಯೇ ಬೇರೆ. ರಾ ಮಿಲ್ ಓಡುತ್ತಿದ್ದರೆ ಒಳಗೆ ಬರುವ ಗ್ಯಾಸ್ 95-105 ಡಿಗ್ರಿ, ತುಂಬಾ ತೇವ. ಮಿಲ್ ನಿಂತರೆ ಅದೇ ಗ್ಯಾಸ್, ಬಿಸಿ ಇಳಿಸುವ ಜಿಸಿಟಿ ಟವರ್‌ನಲ್ಲಿ ನೀರು ಹೊಡೆಸಿಕೊಂಡು 190ರ ಹತ್ತಿರ ಬರುತ್ತದೆ. ನೀರಿನ ಪಂಪ್ ಟ್ರಿಪ್ ಆಯಿತೋ, 230 ಮುಟ್ಟಿದ್ದನ್ನೂ ನೋಡಿದ್ದೇನೆ.

ಈ ಏರಿಳಿತಕ್ಕೆ ಮೂರು ಬಟ್ಟೆ ನೋಡಿದೆವು. ಅರಾಮಿಡ್ 200 ಡಿಗ್ರಿ ತಡೆಯುತ್ತದೆ, ಆದರೆ ತೇವ ಮತ್ತು ಗಂಧಕ ಎರಡೂ ಇರುವ ಕಡೆ ನಾರು ಪುಡಿಯಾಗುತ್ತದೆ. ಪಿಪಿಎಸ್ ತೇವಕ್ಕೂ ಆಸಿಡ್‌ಗೂ ಜಗ್ಗುವುದಿಲ್ಲ. ಅದರ ಶತ್ರು ಆಕ್ಸಿಜನ್. ನಮ್ಮಲ್ಲಿ ಮಿಲ್‌ನ ಸಂದುಗಳಿಂದ ನುಗ್ಗುವ ಫಾಲ್ಸ್ ಏರ್ ಸೇರಿ ಆಕ್ಸಿಜನ್ 10-12 ಪರ್ಸೆಂಟ್ ಇರುತ್ತದೆ, ಮಿಲ್ ನಿಂತಾಗಿನ ಬಿಸಿಯೂ ಅದರ ಮಿತಿಯ ಅಂಚಿನಲ್ಲೇ ಕೂತಿದೆ. ಉಳಿದದ್ದು ಗ್ಲಾಸ್. 260 ಡಿಗ್ರಿ ಆರಾಮಾಗಿ ತಡೆಯುತ್ತದೆ. ಅದರ ದೊಡ್ಡ ದೌರ್ಬಲ್ಯ ಅಂದರೆ, ಪದೇ ಪದೇ ಮಡಿಚಿದರೆ ಮುರಿಯುತ್ತದೆ. ಈ ಒಂದು ಮಾತನ್ನು ನಾವು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ಯಾಗ್ ಕುಸಿಯದಂತೆ ಒಳಗಿನಿಂದ ಹಿಡಿದು ನಿಲ್ಲಿಸುವುದು ತಂತಿಯ ಕೇಜ್. ಬ್ಯಾಗ್ ಕೊಟ್ಟವರು 20 ತಂತಿಯ ಹೊಸ ಕೇಜ್ ಬೇಕು ಅಂದಿದ್ದರು. ನಮ್ಮ ಹಳೇ ಕೇಜ್‌ಗೆ 12 ತಂತಿ. 3,328 ಕೇಜ್ ಬೆಲೆ ನೋಡಿ ಮೇಲಿನವರು ಬೆಚ್ಚಿಬಿದ್ದರು. "ಕೇಜ್ ನೋಡೋಕೆ ಚೆನ್ನಾಗೇ ಇದೆಯಲ್ಲಾ" ಅಂತ ತೀರ್ಮಾನವಾಯಿತು. ಎರಡು ಚೇಂಬರ್‌ನ ಕೇಜ್ ತುಕ್ಕು ಹಿಡಿದು ಹಾಳಾಗಿದ್ದವು, ಒಂದನೇದು ಮತ್ತು ಎರಡನೇದು. ಅವೆರಡಕ್ಕೆ ಮಾತ್ರ 20 ತಂತಿಯದ್ದು ಬಂತು. ಮಿಕ್ಕ ಆರಕ್ಕೆ ಹಳೇದೇ. ಬೇಕಂತಲೇ ಪ್ರಯೋಗ ಮಾಡಿದ ಹಾಗಾಯಿತು ನೋಡಿ.

ಮೊದಲ ವರ್ಷ ದೂರುವುದಕ್ಕೆ ಏನೂ ಇರಲಿಲ್ಲ. ಡಿಪಿ, ಅಂದರೆ ಬ್ಯಾಗ್ ಹೌಸ್‌ನ ಒಳಬಾಯಿಗೂ ಹೊರಬಾಯಿಗೂ ಇರುವ ಒತ್ತಡದ ವ್ಯತ್ಯಾಸ, 115 ಎಂಎಂ ನೀರಿನ ಮಟ್ಟದಲ್ಲೇ ನಿಂತಿತ್ತು. ಚಿಮಣಿಯ ಧೂಳು 10 ಮಿಲಿಗ್ರಾಂ ಆಸುಪಾಸು. ನಮಗಿರುವ ಮಿತಿ 30. ಮೆಂಬ್ರೇನ್‌ನ ಗುಣವೇ ಅದು. ಧೂಳು ಬಟ್ಟೆಯೊಳಗೆ ಹೋಗುವುದಿಲ್ಲ, ಮೇಲೇ ಕೂರುತ್ತದೆ, 3 ಬಾರ್ ಗಾಳಿಯ ಒಂದು ಏಟಿಗೆ ಹಾಳೆಯಂತೆ ಉದುರುತ್ತದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಕೆಟ್ಟಿತು. ಹನ್ನೆರಡು ದಿನದ ಶಟ್‌ಡೌನ್ ಮುಗಿಸಿ ಕಿಲ್ನ್ ಹಚ್ಚಿದೆವು. ರಾ ಮಿಲ್ ಇನ್ನೂ ರೆಡಿ ಇರಲಿಲ್ಲ. ಗ್ಯಾಸ್ ಜಿಸಿಟಿ ಮೂಲಕ ನೇರ ಬರುತ್ತಿತ್ತು. ಅಲ್ಲಿ ಎರಡು ನಾಜಲ್‌ನ ಬಾಯಿ ಸವೆದು ಅಗಲವಾಗಿತ್ತು, ನೀರು ಮಂಜಿನಂತೆ ಬರುವ ಬದಲು ಹನಿಹನಿಯಾಗಿ ಬೀಳುತ್ತಿತ್ತು. ಆ ಹನಿ ಟವರ್‌ನಲ್ಲಿ ಆರಲಿಲ್ಲ, ಬ್ಯಾಗ್ ಹೌಸ್‌ವರೆಗೂ ಬಂತು. ಜೊತೆಗೆ ಬ್ಯಾಗ್ ಹೌಸ್‌ನ ಗೋಡೆಯೇ ತಣ್ಣಗಿತ್ತು. ಮೂರನೇ ದಿನ ಹಾಪರ್ ಬಾಗಿಲು ತೆಗೆದು ಕೈ ಹಾಕಿದರೆ ಧೂಳು ಹರಿಯುತ್ತಿಲ್ಲ, ರೊಟ್ಟಿಗೆ ನಾದಿದ ಹಿಟ್ಟಿನ ಹಾಗೆ ಮುಷ್ಟಿಯಲ್ಲಿ ಉಂಡೆ ಆಗುತ್ತಿತ್ತು. ರಾ ಮೀಲ್ ಧೂಳು ಒದ್ದೆಯಾಗಿ ಒಣಗಿದರೆ ಗಾರೆಯೇ ಸರಿ. ಬ್ಯಾಗ್ ಮೇಲೆ ಅದೇ ಆಗಿತ್ತು.

ಡಿಪಿ 115ರಿಂದ 175ಕ್ಕೆ ಏರಿತು. ಈ 60 ಎಂಎಂ ಅಂದರೆ ಎಷ್ಟು ದುಡ್ಡು ಅಂತ ಲೆಕ್ಕ ಹಾಕಿದೆ. ನಮ್ಮ ಗ್ಯಾಸ್ ಗಂಟೆಗೆ ಸುಮಾರು 6 ಲಕ್ಷ ಘನ ಮೀಟರ್, ಅಂದರೆ ಸೆಕೆಂಡಿಗೆ 167. 60 ಎಂಎಂ ಅಂದರೆ 588 ಪಾಸ್ಕಲ್. ಎರಡನ್ನೂ ಗುಣಿಸಿ, ಫ್ಯಾನ್ ದಕ್ಷತೆ 75 ಪರ್ಸೆಂಟ್ ಅಂತ ಭಾಗಿಸಿದರೆ 130 ಕಿಲೋವ್ಯಾಟ್ ಚಿಲ್ಲರೆ. ದಿನಕ್ಕೆ 3,100 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ದಿನಾ 22,000 ರೂಪಾಯಿ ಸುಮ್ನೆ ಹೋಗುತ್ತದೆ.

ಹಾಗಾಗಿ ಡಿಪಿ ಇಳಿಸಿ ಅಂತ ಒತ್ತಡ ಬಂತು. ಶಿಫ್ಟ್‌ನವರು ಏನು ಮಾಡಿದರು? ಪರ್ಜಿಂಗ್ ಗಾಳಿಯನ್ನು, ಅಂದರೆ ಧೂಳು ಉದುರಿಸುವ ಆ ಏಟಿನ ಗಾಳಿಯನ್ನು, 3 ಬಾರ್‌ನಿಂದ ನಾಲ್ಕೂವರೆಗೆ ಏರಿಸಿದರು, ಎರಡು ಏಟಿನ ನಡುವಿನ ಸಮಯವನ್ನು ಅರ್ಧ ಮಾಡಿದರು. ನಾನೂ ಬೇಡ ಅನ್ನಲಿಲ್ಲ, ಒಪ್ಪಿಕೊಳ್ಳುತ್ತೇನೆ. ಡಿಪಿ 150ಕ್ಕೆ ಇಳಿಯಿತು, ಎಲ್ಲರಿಗೂ ಖುಷಿ.

ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ನಮ್ಮ ಹಿರಿಯ ಫಿಟ್ಟರ್ ಚಿಮಣಿ ಕಡೆ ಕೈ ತೋರಿಸಿ, "ಸರ, ಏಳನೇದು ಹೊಡದಾಗೆಲ್ಲ ಒಂದು ಪುಸ್ಸಂತ ಬರ್ಲಿಕತ್ತದ ನೋಡ್ರಿ" ಅಂದರು. ಕಂಟ್ರೋಲ್ ರೂಮ್‌ಗೆ ಓಡಿ ಟ್ರೆಂಡ್ ತೆಗೆದೆ. ಸರಾಸರಿ ಧೂಳು 17, ಏನೂ ಅನುಮಾನ ಬರದಂಥ ಅಂಕಿ. ಆದರೆ ಗೆರೆಯನ್ನು ಹಿಗ್ಗಿಸಿ ನೋಡಿದರೆ ಏಳನೇ ಚೇಂಬರ್‌ನ ಸರದಿ ಬಂದಾಗಲೆಲ್ಲ 60 ದಾಟುವ ಮುಳ್ಳು. ಬ್ಯಾಗ್ ತೂತಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ನನಗೆ ಗೊತ್ತಿಲ್ಲ. ಗಾಳಿಯ ಏಟಿಗೆ ಬ್ಯಾಗ್ ಮೇಲಿನ ಧೂಳಿನ ಪದರ ಉದುರುತ್ತದೆ, ಒಂದು ಕ್ಷಣ ತೂತು ತೆರೆದುಕೊಳ್ಳುತ್ತದೆ, ಧೂಳು ನುಗ್ಗುತ್ತದೆ. ಮತ್ತೆ ಪದರ ಕೂತ ಮೇಲೆ ತೂತು ಮುಚ್ಚಿದ ಹಾಗಾಗುತ್ತದೆ.

ಡಿಪಿ ನೋಡಿ ತೂತು ಪತ್ತೆ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. 3,328ರಲ್ಲಿ ಹತ್ತು ಬ್ಯಾಗ್ ಹರಿದರೂ ಡಿಪಿ ಮುಳ್ಳು ಅಲ್ಲಾಡುವುದಿಲ್ಲ. ಡಿಪಿ ಏಕಾಏಕಿ ಇಳಿದರೆ ನಾನು ಮೊದಲು ನೋಡುವುದು ಮೀಟರ್‌ಗೆ ಹೋಗುವ ಸಣ್ಣ ಪೈಪನ್ನು. ಒಮ್ಮೆ ಪರದೆಯಲ್ಲಿ 80 ತೋರಿಸುತ್ತಿತ್ತು. ಟ್ಯಾಪಿಂಗ್‌ಗೆ ನೀರು ತುಂಬಿದ ಯು-ಟ್ಯೂಬ್ ಕಟ್ಟಿ ನೋಡಿದರೆ 160! ಪೈಪ್‌ನಲ್ಲಿ ಧೂಳು ಕಟ್ಟಿಕೊಂಡಿತ್ತು. ಆಮೇಲಿಂದ ವಾರಕ್ಕೊಮ್ಮೆ ಯು-ಟ್ಯೂಬ್ ಹಿಡಿದು ಹೋಗುವುದು ನಮ್ಮಲ್ಲಿ ನಿಯಮ.

ಏಳನೇ ಚೇಂಬರ್‌ನಲ್ಲಿ ಯಾವ ಬ್ಯಾಗ್ ಅಂತ ಹುಡುಕಲು ಫ್ಲೋರೊಸೆಂಟ್ ಪುಡಿ ಬಳಸಿದೆವು. ಪರ್ಜಿಂಗ್ ನಿಲ್ಲಿಸಿ, ಫ್ಯಾನ್ ಓಡುತ್ತಿರುವಾಗಲೇ ಆ ಚೇಂಬರ್‌ನ ಒಳಬಾಯಿಗೆ ಸುಮಾರು ಆರು ಕಿಲೋ ಪುಡಿ ಬಿಟ್ಟೆವು. ಸ್ವಲ್ಪ ಹೊತ್ತಾದ ಮೇಲೆ ಚೇಂಬರ್ ಬಂದ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಕತ್ತಲಾದ ಮೇಲೆ ಯುವಿ ಟಾರ್ಚ್ ಹಾಕಿದೆವು. ಬ್ಯಾಗ್‌ಗಳು ನೇತಾಡುವ ಟ್ಯೂಬ್ ಶೀಟ್ ಮೇಲೆ ಹನ್ನೊಂದು ಕಡೆ ಹಸಿರು ಉಂಗುರ ಹೊಳೆಯಿತು. ಮುಂದಿನ ಸಲ ಬೇರೆ ಬಣ್ಣದ ಪುಡಿ ತರಿಸಿ, ಇಲ್ಲದಿದ್ದರೆ ಹಳೇ ಉಂಗುರ ಯಾವುದು, ಹೊಸದು ಯಾವುದು ತಿಳಿಯುವುದಿಲ್ಲ.

ಹನ್ನೊಂದನ್ನೂ ಹೊರಗೆ ಎಳೆದು ನೆಲದ ಮೇಲೆ ಹಾಸಿದಾಗ ಕಥೆ ಪೂರ್ತಿ ತಿಳಿಯಿತು. ಪ್ರತಿ ಬ್ಯಾಗ್ ಮೇಲೂ ಉದ್ದಕ್ಕೆ ಹನ್ನೆರಡು ಗೆರೆ, ಪೆನ್ಸಿಲ್‌ನಿಂದ ಎಳೆದ ಹಾಗೆ. ಕೇಜ್‌ನ ಹನ್ನೆರಡು ತಂತಿ. ಗೆರೆ ಮೇಲೆ ಬೆರಳಾಡಿಸಿದರೆ ಮೆಂಬ್ರೇನ್ ಇಲ್ಲ, ಗ್ಲಾಸ್ ಎಳೆ ಮುರಿದು ಚುಚ್ಚುತ್ತಿತ್ತು. ತಂತಿ ನಡುವೆ ಅಂತರ ಜಾಸ್ತಿ ಇದ್ದುದರಿಂದ ಬಟ್ಟೆ ಆಳಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು, ಪ್ರತಿ ಏಟಿಗೂ ಹೊರಗೆ ಚಿಮ್ಮಿ ಮತ್ತೆ ತಂತಿಗೆ ಬಡಿಯುತ್ತಿತ್ತು. ಹೆಚ್ಚಿದ ಗಾಳಿ ಆ ಬಡಿತವನ್ನು ಇನ್ನೂ ಜೋರು ಮಾಡಿತು, ಪದೇ ಪದೇ ಮಾಡಿತು. ಒಂದು ಮತ್ತು ಎರಡನೇ ಚೇಂಬರ್‌ನಿಂದ ತಲಾ ನಾಲ್ಕು ಬ್ಯಾಗ್ ತೆಗೆದು ನೋಡಿದೆವು. ಅವುಗಳ ಮೇಲೂ ಗಾರೆ ಇತ್ತು. ಗೆರೆ ಬಹಳ ತೆಳು, ಮೆಂಬ್ರೇನ್ ಹಾಗೇ ಇತ್ತು.

ಬೇರೆ ಕಾರಣಕ್ಕೆ ಹರಿದರೆ ಗುರುತೂ ಬೇರೆ. ಬಾಯಿಯಿಂದ ಒಂದಡಿ ಕೆಳಗೆ ಒಂದೇ ಪಕ್ಕ ತೂತು ಬಿದ್ದಿದ್ದರೆ ಬ್ಲೋ ಪೈಪ್ ಓರೆಯಾಗಿ ಗಾಳಿ ಬಟ್ಟೆಗೇ ಹೊಡೆಯುತ್ತಿದೆ ಅಂತ. ತಳದಲ್ಲಿ ಸವೆದಿದ್ದರೆ ಕೇಜ್ ಸೊಟ್ಟಗಾಗಿ ಪಕ್ಕದ ಬ್ಯಾಗ್‌ಗೆ ತಾಗುತ್ತಿರಬಹುದು, ಅಥವಾ ಹಾಪರ್ ತುಂಬಿ ಧೂಳು ಮೇಲೆ ಸುತ್ತುತ್ತಿರಬಹುದು. ಬಳ್ಳಾರಿ ಕಡೆ ಇಂಡಕ್ಷನ್ ಫರ್ನೇಸ್ ನಡೆಸುವ ಗೆಳೆಯನೊಬ್ಬ ತನ್ನ ಪಾಲಿಯೆಸ್ಟರ್ ಬ್ಯಾಗ್ ತಂದು ತೋರಿಸಿದ್ದ. ಸಾಸಿವೆ ಗಾತ್ರದ ದುಂಡು ತೂತುಗಳು, ಅಂಚು ಕರಗಿ ಗಟ್ಟಿಯಾಗಿತ್ತು. ಅದು ಕಿಡಿ. ಉಕ್ಕಿನ ಕಡೆಯವರು ಬಟ್ಟೆ ಬದಲಿಸುವ ಮೊದಲು ಡಕ್ಟ್‌ನಲ್ಲಿ ಕಿಡಿ ತಡೆಯುವ ವ್ಯವಸ್ಥೆ ಹಾಕಬೇಕು, ಎಂಥ ಬಟ್ಟೆಗೂ ಕೆಂಡ ಕೆಂಡವೇ.

ಆಮೇಲೆ ನಾವು ಬದಲಿಸಿದ್ದು ಮೂರು ವಿಷಯ. ಗಾಳಿ ಮತ್ತೆ 3 ಬಾರ್‌ಗೆ ಬಂತು. ಪರ್ಜಿಂಗ್ ಗಡಿಯಾರದ ಮೇಲೆ ಓಡುವುದು ನಿಂತಿತು, ಈಗ ಡಿಪಿ 130 ಮುಟ್ಟಿದಾಗ ಶುರುವಾಗಿ ಸ್ವಲ್ಪ ಇಳಿದ ಮೇಲೆ ನಿಲ್ಲುತ್ತದೆ. ಕಿಲ್ನ್ ಹಚ್ಚುವಾಗ ಮೊದಲು ಒಣ ಸುಣ್ಣದ ಪುಡಿ ಬಿಟ್ಟು ಬ್ಯಾಗ್‌ಗೆ ತೆಳು ಲೇಪ ಕೊಡುತ್ತೇವೆ, ಬ್ಯಾಗ್ ಹೌಸ್‌ನ ಹೊರಬಾಯಿ 90 ಡಿಗ್ರಿ ದಾಟುವವರೆಗೆ ಪರ್ಜಿಂಗ್ ಮುಟ್ಟುವುದಿಲ್ಲ. ಹಾಳಾದ ಬ್ಯಾಗ್‌ಗೆ ಗಾರೆ ಅಂಟಿದ್ದು ಮಾತ್ರ ಪೂರ್ತಿ ಬಿಡಲಿಲ್ಲ. ಡಿಪಿ 125ಕ್ಕಿಂತ ಕೆಳಗೆ ಮತ್ತೆ ಬಂದದ್ದೇ ಇಲ್ಲ.

ಬ್ಯಾಗ್ ಬಗ್ಗೆ ನನ್ನ ದೂರು ಎರಡೇ. ಹಾಕುವಾಗ ಅತಿ ನಾಜೂಕು. ಟ್ಯೂಬ್ ಶೀಟ್ ತೂತಿನ ಅಂಚಿಗೆ ಒಮ್ಮೆ ಉಜ್ಜಿದರೂ ಮೆಂಬ್ರೇನ್ ಹಾಲಿನ ಕೆನೆಯಂತೆ ಕಿತ್ತು ಬರುತ್ತದೆ. ಕಾಂಟ್ರಾಕ್ಟ್ ಹುಡುಗರು ಬ್ಯಾಗ್ ಮಡಿಚಿ ಮೇಲೆ ಕೂರದಂತೆ ಕಾಯಲು ಒಬ್ಬರನ್ನು ನಿಲ್ಲಿಸಬೇಕಾಯಿತು. ಇನ್ನೊಂದು, ಮಾರುವವರು ಕೇಜ್ ವಿಷಯವನ್ನು ಕೊಟೇಶನ್‌ನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಮೊದಲ ಪುಟದಲ್ಲಿ ಬರೆಯಿರಿ ಸ್ವಾಮಿ.

ಗ್ಯಾರಂಟಿ ಮೂರು ವರ್ಷದ್ದಾಗಿತ್ತು. ಹಳೇ ಕೇಜ್‌ನ ಆರು ಚೇಂಬರ್ ಬ್ಯಾಗ್‌ಗಳನ್ನು ಎರಡು ಮುಕ್ಕಾಲು ವರ್ಷಕ್ಕೇ ಬದಲಿಸಿದೆವು, ಈ ಸಲ 20 ತಂತಿಯ ಕೇಜ್ ಜೊತೆಗೆ, ಅದೇ ಗ್ಲಾಸ್ ಬಟ್ಟೆಯಲ್ಲೇ. ಒಂದು ಮತ್ತು ಎರಡನೇ ಚೇಂಬರ್‌ನವು ಇಂದಿಗೂ ಮೊದಲ ಬ್ಯಾಗ್‌ನಲ್ಲೇ ಓಡುತ್ತಿವೆ. ಹೋದ ತಿಂಗಳು ಅವುಗಳಿಂದ ಎರಡು ಬ್ಯಾಗ್ ಲ್ಯಾಬ್‌ಗೆ ಕಳಿಸಿದ್ದೇವೆ, ಗಾಳಿ ಎಷ್ಟು ಬಿಡುತ್ತದೆ, ಎಷ್ಟು ಒತ್ತಡಕ್ಕೆ ಹರಿಯುತ್ತದೆ ಅಂತ ಪರೀಕ್ಷೆಗೆ. ರಿಪೋರ್ಟ್ ಚೆನ್ನಾಗಿ ಬಂದರೆ ಮುಂದಿನ ಶಟ್‌ಡೌನ್‌ವರೆಗೂ ಅವನ್ನು ಮುಟ್ಟುವುದಿಲ್ಲ.