ಚಿಕ್ಕ ತರಗತಿಯಲ್ಲಿ ಹಿಂದೆ–ಮುಂದೆ ಎಣಿಕೆ: ನಾನು ಆಡಿಸಿ ನೋಡಿದ ಮೂರು ಆಟಗಳು

ಒಂದನೇ ತರಗತಿಯ ಮಕ್ಕಳು ಒಂದರಿಂದ ಇಪ್ಪತ್ತನ್ನು ಪದ್ಯದ ಹಾಗೆ ಹೇಳಿಬಿಡುತ್ತಾರೆ. ‘ಎಂಟರ ಹಿಂದೆ ಯಾವುದು?’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ತುಟಿಯಲ್ಲೇ ಒಂದು, ಎರಡು ಎಂದು ಶುರು ಮಾಡಿ ಎಂಟರವರೆಗೆ ಬಂದು, ಆಮೇಲೆ ‘ಏಳು’ ಅನ್ನುತ್ತಾರೆ. ಆ ತುಟಿಯ ಚಲನೆ ನಿಂತರೆ ಮಾತ್ರ ಆಟ ಕೆಲಸ ಮಾಡಿತು ಅನ್ನುವುದು ನನ್ನ ಲೆಕ್ಕ. ಮೂರೂ ಆಟಗಳನ್ನು ಅಳೆದದ್ದು ಇದರಿಂದಲೇ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ‘ಗಿಡ ಬೆಳೆಯಿತು’ ಆಟ. ಒಂದು ಎಂದಾಗ ಕುಕ್ಕರಗಾಲಲ್ಲಿ ಕೂತು, ಎಣಿಸುತ್ತಾ ಏಳುತ್ತಾ, ಹತ್ತಕ್ಕೆ ಕೈ ಮೇಲೆತ್ತಿ ನಿಲ್ಲಬೇಕು. ಆಮೇಲೆ ಹತ್ತರಿಂದ ಇಳಿಯುತ್ತಾ ಕೂರಬೇಕು. ಮಗು ನಿಂತಷ್ಟೇ ಜಾಗ ಸಾಕು, ಸಾಮಾನೇನೂ ಬೇಡ, ಇಡೀ ತರಗತಿ ಒಟ್ಟಿಗೆ ಆಡಬಹುದು. ಆದರೆ ನಾಲ್ಕು ಮಕ್ಕಳ ದನಿಯ ಹಿಂದೆ ಉಳಿದವರು ಬಾಯಾಡಿಸಿಕೊಂಡು ಹೋಗುತ್ತಾರೆ. ಹಿಂದಿನ ಎಣಿಕೆಯೂ ಇನ್ನೊಂದು ಪದ್ಯವಾಗಿಬಿಡುತ್ತದೆ. ಮಧ್ಯದಲ್ಲಿ ನಿಲ್ಲಿಸಿ ಕೇಳಿದರೆ ಮತ್ತೆ ಅದೇ ತುಟಿ. ಮಕ್ಕಳು ತೂಕಡಿಸುವ ಹೊತ್ತಿಗೆ ಒಳ್ಳೆಯದು, ಅಷ್ಟೆ.

ಎರಡನೆಯದು ನೆಲದ ಮೇಲಿನ ಸಂಖ್ಯಾರೇಖೆ. ಸೊನ್ನೆಯಿಂದ ಹತ್ತಕ್ಕೆ ಹನ್ನೊಂದು ಮನೆ ಬೇಕು. ಒಂದೊಂದು ಅಡಿಯ ಮನೆ ಬರೆದರೆ ಹನ್ನೊಂದು ಅಡಿ ಉದ್ದವಾಗುತ್ತದೆ, ಬೆಂಚುಗಳ ನಡುವೆ ಹಿಡಿಸುವುದಿಲ್ಲ. ಒಂಬತ್ತು ಅಂಗುಲಕ್ಕೆ ಇಳಿಸಿದರೆ ಎಂಟೂಕಾಲು ಅಡಿಯಲ್ಲಿ ಮುಗಿಯುತ್ತದೆ, ಚಿಕ್ಕ ಪಾದಕ್ಕೆ ಅಷ್ಟು ಸಾಕು. ಜಾಗ ಸಾಲದೆಂದು ರೇಖೆಯನ್ನು ಹಾವಿನಂತೆ ಬಳಸಿ ಬರೆಯಬೇಡಿ. ತಿರುವಿನಲ್ಲಿ ಮಗುವಿಗೆ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದೇ ತಪ್ಪಿಹೋಗುತ್ತದೆ.

ದಾಳದ ಬದಲು ಚೌಕಾಬಾರಕ್ಕೆ ಮಾಡಿಕೊಳ್ಳುವಂತೆ ಒಂದು ಮೈ ಉಜ್ಜಿದ ಹುಣಸೆ ಬೀಜ ಮೂರು ಇಟ್ಟುಕೊಳ್ಳಿ. ಎಷ್ಟು ಬಿಳಿ ಮೈ ಮೇಲೆ ಬಿತ್ತೋ ಅಷ್ಟು ಹೆಜ್ಜೆ. ಒಂದೂ ಬೀಳದಿದ್ದರೆ ಅಲ್ಲೇ ನಿಲ್ಲಬೇಕು, ಸೊನ್ನೆ ಹೆಜ್ಜೆ ಅಂದರೇನು ಅನ್ನುವುದು ಹೀಗೆ ಕಾಲಿಗೇ ತಿಳಿಯುತ್ತದೆ.

ಇಲ್ಲಿ ಬರುವ ತಪ್ಪು ಕಣ್ಣಿಗೆ ಕಾಣುತ್ತದೆ. ಆರರ ಮನೆಯಲ್ಲಿರುವ ಹುಡುಗಿಗೆ ಮೂರು ಬಿತ್ತು ಅನ್ನಿ. ನಿಂತ ಮನೆಯನ್ನೇ ‘ಒಂದು’ ಎಂದು ಎಣಿಸಿ, ಏಳಕ್ಕೆ ಎರಡು, ಎಂಟಕ್ಕೆ ಮೂರು ಎಂದು ಎಂಟರಲ್ಲೇ ನಿಲ್ಲುತ್ತಾಳೆ. ಇದಕ್ಕೆ ನಾನು ಇಟ್ಟಿರುವ ನಿಯಮ ಒಂದೇ: ಕಾಲು ಎತ್ತುವ ತನಕ ಬಾಯಿ ಮುಚ್ಚಿರಬೇಕು, ಕಾಲು ಊರಿದಾಗ ಆ ಮನೆಯ ಸಂಖ್ಯೆಯನ್ನೇ ಹೇಳಬೇಕು. ಏಳು, ಎಂಟು, ಒಂಬತ್ತು. ‘ಒಂದು, ಎರಡು, ಮೂರು’ ಎಂದು ಹೆಜ್ಜೆ ಎಣಿಸಲು ಬಿಟ್ಟರೆ ಆಟದ ಫಲ ಅರ್ಧ ಹೋಯಿತು.

ಹಿಂದಕ್ಕೆ ಬರುವಾಗ ಮೊದಮೊದಲು ತಿರುಗಿ, ಸಂಖ್ಯೆ ನೋಡಿಕೊಂಡೇ ಬರಲಿ. ರೂಢಿಯಾದ ಮೇಲೆ ಮುಖ ಹತ್ತರ ಕಡೆಗೇ ಇಟ್ಟು ಹಿಮ್ಮುಖವಾಗಿ ಬರಬೇಕು. ಆಗ ಮುಂದಿನ ಹೆಜ್ಜೆಯ ಮನೆ ಕಾಣುವುದಿಲ್ಲ, ಸಂಖ್ಯೆಯನ್ನು ತಲೆಯಿಂದಲೇ ತೆಗೆಯಬೇಕು. ಕುಪ್ಪಳಿಸುವುದು ಬೇಡ, ಬೆಂಚಿನ ಮೂಲೆ ತಾಗುತ್ತದೆ, ನಡೆದರೆ ಸಾಕು. ಕಲಿಕೆ ಅತಿ ಗಟ್ಟಿಯಾಗುವುದು ಈ ಆಟದಲ್ಲೇ ಎಂದು ನನಗೆ ಖಚಿತವಾಗಿದೆ. ಅಡಚಣೆಯೆಂದರೆ ಒಂದು ರೇಖೆಯ ಮೇಲೆ ಒಮ್ಮೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಸರದಿ ಕಾಯುವವರು ಗಲಾಟೆಗೆ ಇಳಿಯುತ್ತಾರೆ.

ಮೂರನೆಯದಕ್ಕೆ ನಾವು ಇಟ್ಟ ಹೆಸರು ‘ಚಪ್ಪಾಳೆ ತಿರುವು’. ಮಕ್ಕಳು ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ. ಸರದಿಯಂತೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾ ಹೋಗಬೇಕು. ಮುಂದಕ್ಕೆ ಎಣಿಸುವಾಗ ತನ್ನ ಸರದಿಗೆ ಬಂದ ಸಂಖ್ಯೆ ಹೇಳಿ ಕೈ ಮೇಲೆತ್ತಬೇಕು, ಹಿಂದಕ್ಕೆ ಎಣಿಸುವಾಗ ಹೇಳಿ ಬಗ್ಗಿ ನೆಲ ಮುಟ್ಟಬೇಕು. ನಾನು ಚಪ್ಪಾಳೆ ತಟ್ಟಿದರೆ ಎಣಿಕೆ ತಿರುಗುತ್ತದೆ, ಸಾಲು ಮಾತ್ರ ಮುಂದೆಯೇ ಸಾಗುತ್ತದೆ. ಹದಿನೆಂಟರಿಂದ ಶುರುವಾಗಿ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಆಗಿ ಚಪ್ಪಾಳೆ ಬಿತ್ತೆಂದರೆ ಪಕ್ಕದ ಮಗು ‘ಇಪ್ಪತ್ತು’ ಅನ್ನಬೇಕು, ಅದರ ಪಕ್ಕದ್ದು ‘ಹತ್ತೊಂಬತ್ತು’. ತನ್ನ ಪಾಲಿಗೆ ಯಾವ ಸಂಖ್ಯೆ ಬರುತ್ತದೆಂದು ಮೊದಲೇ ಲೆಕ್ಕ ಹಾಕಿಡುವಂತಿಲ್ಲ, ಈಗ ಕೇಳಿದ್ದರಿಂದಲೇ ಹುಟ್ಟಿಸಬೇಕು. ಕೊರಳಿಗೆ ಸಂಖ್ಯೆಯ ಚೀಟಿ ಹಾಕಿ ಆಡಿಸಿದರೆ ಇದೇ ಕೆಟ್ಟುಹೋಗುತ್ತದೆ, ಏಳರ ಚೀಟಿಯವನು ಏಳನ್ನು ಮಾತ್ರ ಕಾಯುತ್ತಾನೆ.

ಎಡವುವುದು ಹತ್ತರ ಗಡಿಯಲ್ಲಿ. ಮೂವತ್ತರಿಂದ ಹಿಂದಕ್ಕೆ ಬರುವಾಗ ‘ಇಪ್ಪತ್ತು’ ಅನ್ನುವವರು, ‘ಮೂವತ್ತೊಂಬತ್ತು’ ಅನ್ನುವವರು ಇಬ್ಬರೂ ಸಿಗುತ್ತಾರೆ. ಅದಕ್ಕೇ ನಾನು ಮೂವತ್ತಮೂರು ಅಥವಾ ಮೂವತ್ತೆರಡರಿಂದ ಇಳಿಸುತ್ತೇನೆ, ಪ್ರತಿ ಸಲ ಆ ಗಡಿ ಬೇರೆ ಮಗುವಿನ ಮೇಲೆ ಬರುತ್ತದೆ. ತಪ್ಪಿದವರನ್ನು ಆಟದಿಂದ ಹೊರಗೆ ಕಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಯಾರಿಗೆ ಅಭ್ಯಾಸ ಬೇಕೋ ಅವರೇ ಮೊದಲು ಹೊರಬೀಳುತ್ತಾರೆ.

ಈಗ ನನ್ನ ತರಗತಿಯಲ್ಲಿ ದಿನವೂ ನಡೆಯುವುದು ಚಪ್ಪಾಳೆ ತಿರುವು. ಅದರಲ್ಲಿ ತಡವರಿಸಿದ ಮೂರ್ನಾಲ್ಕು ಮಕ್ಕಳನ್ನು, ಉಳಿದವರು ಬರೆಯುತ್ತಿರುವಾಗ, ನೆಲದ ರೇಖೆಗೆ ಕರೆದುಕೊಳ್ಳುತ್ತೇನೆ. ಇಪ್ಪತ್ತರ ಮೇಲಿನದಕ್ಕೆ ಹೊಸ ರೇಖೆ ಬೇಡ. ಅದೇ ಮನೆಗಳಲ್ಲಿ ಸೊನ್ನೆ ಅಳಿಸಿ ಇಪ್ಪತ್ತೈದು ಬರೆದರೆ ಕೊನೆಯ ಮನೆ ಮೂವತ್ತೈದಾಗುತ್ತದೆ, ಮೂವತ್ತರ ಗಡಿ ಸರಿಯಾಗಿ ನಡುಮನೆಗೆ ಬೀಳುತ್ತದೆ.