ಸದ್ದು ಮಾಡುವುದೋ, ಕಚ್ಚುವುದೋ: ಮಗನ ತಲೆಗೂದಲಿಗೆ ಮೂರು ಮೆಷಿನ್‌ಗಳು

ನನ್ನ ಮಗನಿಗೆ ಮೂರೂವರೆ ವರ್ಷ. ಮನೆ ದೇವರಿಗೆ ಮುಡಿ ಕೊಟ್ಟ ದಿನದಿಂದ ಅವನ ತಲೆಯ ಹತ್ತಿರ ಯಾರ ಕೈ ಬಂದರೂ ಆಗುವುದಿಲ್ಲ. ತುಮಕೂರಿನಲ್ಲಿ ನಮ್ಮ ಬೀದಿಯ ಸೆಲೂನಿಗೆ ಎರಡು ಸಲ ಕರೆದುಕೊಂಡು ಹೋದೆ. ಎರಡು ಸಲವೂ ಅರ್ಧ ತಲೆಯಲ್ಲೇ ಎದ್ದು ಬಂದೆವು. ಆಮೇಲೆ ಮನೆಯಲ್ಲೇ ಶುರು ಮಾಡಿದೆ. ಒಂದು ವರ್ಷದಲ್ಲಿ ಮೂರು ಮೆಷಿನ್ ಬಳಸಿ ನೋಡಿದ್ದೇನೆ: ನಮ್ಮ ಯಜಮಾನರ ಗಡ್ಡದ ಟ್ರಿಮ್ಮರ್, ಮಕ್ಕಳಿಗೆಂದೇ ಮಾರುವ ಚಿಕ್ಕ ಕ್ಲಿಪ್ಪರ್, ಸೆಲೂನುಗಳಲ್ಲಿ ಇರುವಂಥ ವೈರಿನ ಕ್ಲಿಪ್ಪರ್.

ಮೊದಲು ಟ್ರಿಮ್ಮರ್. ಮನೆಯಲ್ಲೇ ಇತ್ತು, ಸದ್ದೂ ಕಡಿಮೆ. ಮಗು ಅಳುವುದು ಸದ್ದಿಗೆ ಎಂದು ನಂಬಿದ್ದ ನನಗೆ ಇದೇ ಸರಿ ಎನಿಸಿತು. ಅವನು ಎರಡು ನಿಮಿಷ ಸುಮ್ಮನೆ ಕೂತಿದ್ದ. ಮೂರನೆಯ ನಿಮಿಷಕ್ಕೆ ಭುಜ ಎತ್ತಿ ಕುತ್ತಿಗೆಯನ್ನು ಒಳಗೆಳೆದುಕೊಂಡ. "ಅಮ್ಮಾ, ಅದು ಕಚ್ಚುತ್ತದೆ" ಎಂದ. ನಾನು ಅದನ್ನು ಹಟ ಎಂದುಕೊಂಡೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗಡ್ಡದ ಟ್ರಿಮ್ಮರಿನ ಅಲಗು ಕಿರಿದು, ಮೋಟಾರಿಗೆ ಬಲ ಕಡಿಮೆ. ಎರಡು ತಿಂಗಳು ಬೆಳೆದ ದಟ್ಟ ತಲೆಗೂದಲು ಸಿಕ್ಕಿದಾಗ ಹಲ್ಲುಗಳ ಓಟ ನಿಧಾನವಾಗುತ್ತದೆ. ಆಗ ಅದು ಕೂದಲನ್ನು ಕತ್ತರಿಸುವ ಬದಲು ಹಿಡಿದು ಎಳೆಯುತ್ತದೆ. ಇದನ್ನು ಕಿವಿಯಿಂದಲೇ ಗುರುತಿಸಬಹುದು: ಮೆಷಿನ್ನಿನ ದನಿ ಒಮ್ಮೆಲೇ ದಪ್ಪಗಾದರೆ ಅದು ಎಳೆಯುತ್ತಿದೆ ಎಂದೇ ಅರ್ಥ. ಸಾಲದ್ದಕ್ಕೆ ನಮ್ಮದು ತೆಂಗಿನ ಸೀಮೆ, ಅವನ ತಲೆಗೆ ದಿನವೂ ಎಣ್ಣೆ. ಎಣ್ಣೆಗೂದಲು ಹಲ್ಲಿಗೆ ಅಂಟಿಕೊಂಡು ಎಳೆತ ಇನ್ನೂ ಹೆಚ್ಚಿತು.

ಅದರ ಇನ್ನೊಂದು ದೋಷ ಬಾಚಣಿಗೆಯಲ್ಲಿತ್ತು. ಕೂದಲ ಉದ್ದ ನಿಗದಿ ಮಾಡಲು ಅಲಗಿನ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆ ಅದರಲ್ಲಿ ಚಕ್ರ ತಿರುಗಿಸಿದಂತೆ ಹಿಂದೆ ಮುಂದೆ ಜಾರುತ್ತದೆ. 12 ಮಿಲಿಮೀಟರಿಗೆ ಇಟ್ಟಿದ್ದೆ. ಅವನು ತಲೆ ಒದರಿದಾಗ ಅದು ಕೆಳಕ್ಕೆ ಜಾರಿ, ಬಲಗಿವಿಯ ಮೇಲೆ ಹೆಬ್ಬೆರಳಗಲ ಚರ್ಮ ಕಾಣುವಂತಾಯಿತು. ಅದಕ್ಕೆ ಸರಿಹೊಂದಿಸಲು ಇಡೀ ತಲೆಯನ್ನು 3 ಮಿಲಿಮೀಟರಿಗೆ ಇಳಿಸಬೇಕಾಯಿತು. ಆ ದಿನ ಅವನು ಅತ್ತ ಅಳುವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೆಯದು ಮಕ್ಕಳ ಕ್ಲಿಪ್ಪರ್. ಇದರ ಅಲಗು ಸೆರಾಮಿಕ್, ಹಲ್ಲಿನ ತುದಿಗಳು ದುಂಡಗೆ. ಸದ್ದು ಮೂರರಲ್ಲಿ ಇದರದ್ದೇ ಕಡಿಮೆ, ಅಲಗು ಬೇಗ ಬಿಸಿಯಾಗುವುದೂ ಇಲ್ಲ. ಕಿವಿಯ ಹಿಂದೆ, ಹಿಂಗತ್ತಿನ ಅಂಚಿನಲ್ಲಿ ಇದನ್ನು ಧೈರ್ಯವಾಗಿ ಓಡಿಸಬಹುದು. ಎರಡು ವರ್ಷದೊಳಗಿನ ಮಗುವಿನ ರೇಷ್ಮೆಯಂಥ ಕೂದಲಿಗಾದರೆ ಇದೊಂದೇ ಸಾಕು. ಆದರೆ ಮುಡಿ ಕೊಟ್ಟ ಮೇಲೆ ನನ್ನ ಮಗನಿಗೆ ಒತ್ತಾಗಿ ಕೂದಲು ಬಂದಿದೆ. ಒಂದೇ ಜಾಗದಲ್ಲಿ ನಾಲ್ಕೈದು ಸಲ ಓಡಿಸಿದರೂ ಉದ್ದ ಎಳೆಗಳು ಉಳಿದವು. ತಲೆ ಮುಗಿಯಲು 40 ನಿಮಿಷ ಹಿಡಿಯಿತು, ಅವನ ತಾಳ್ಮೆ ಇರುವುದು ಹತ್ತು ಹದಿನೈದು ನಿಮಿಷ.

ವೈರಿನ ಕ್ಲಿಪ್ಪರನ್ನು ತರಲು ನಾನೇ ಹೆದರಿದ್ದೆ. ಅದು ಭಾರ, ಸ್ವಿಚ್ ಹಾಕಿದೊಡನೆ 'ಠಕ್' ಎಂದು ಸಿಡಿದು ಗುಂಯ್‌ಗುಡುತ್ತದೆ. ಆದರೆ ಅಗಲವಾದ ಸ್ಟೀಲ್ ಅಲಗು ದಟ್ಟ ಕೂದಲನ್ನು ಒಂದೇ ಓಟಕ್ಕೆ ತೆಗೆಯುತ್ತದೆ, ಎಳೆಯುವುದಿಲ್ಲ. ಬಾಚಣಿಗೆಗಳು ಬೇರೆ ಬೇರೆ ಅಳತೆಗೆ ಬೇರೆ ಬೇರೆಯಾಗಿ ಬರುತ್ತವೆ, ಗಟ್ಟಿಯಾಗಿ ಕೂರುತ್ತವೆ: ಒಂದನೆಯದು ಸುಮಾರು 3 ಮಿಲಿಮೀಟರ್, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13. ನಾಲ್ಕನೆಯದನ್ನು ಸಿಕ್ಕಿಸಿದರೆ ಮಗು ಎಷ್ಟೇ ತಿರುಗಿದರೂ ಅದಕ್ಕಿಂತ ಗಿಡ್ಡವಾಗಿ ಕತ್ತರಿಸಿಹೋಗುವ ಭಯವಿಲ್ಲ.

ಸದ್ದಿನ ವಿಷಯಕ್ಕೆ ಎರಡು ಕೆಲಸ ಮಾಡಿದೆ. ನಮ್ಮ ಮೆಷಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದು ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಒಳಗಿನ ಲೋಹ ಬಡಿದುಕೊಂಡು ಕಟಕಟ ಎನ್ನುತ್ತದೆ. ಮೆಷಿನ್ ಓಡುತ್ತಿರುವಾಗಲೇ, ಆ ಕಟಕಟ ನಿಂತು ಸಮನಾದ ಗುಂಯ್‌ಗುಡುವಿಕೆ ಉಳಿಯುವವರೆಗೆ ಸ್ಕ್ರೂವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಬಲ ಕುಗ್ಗಿ ಇದೂ ಎಳೆಯತೊಡಗುತ್ತದೆ. ಅಲಗಿಗೆ ಎರಡು ಹನಿ ಮೆಷಿನ್ ಎಣ್ಣೆ ಬಿಟ್ಟೆ, ತೆಂಗಿನೆಣ್ಣೆ ಬಿಡಬಾರದು, ಜಿಡ್ಡುಗಟ್ಟುತ್ತದೆ. ಇನ್ನೊಂದು, ಒಂದು ವಾರ ಪ್ರತಿದಿನ ಸಂಜೆ ಮೆಷಿನ್ ಹಚ್ಚಿ, ಅಲಗಿನ ಭಾಗವನ್ನಲ್ಲ, ಅದರ ಬೆನ್ನನ್ನು ಅವನ ಅಂಗೈಗೆ, ಮೊಣಕಾಲಿಗೆ, ಕೊನೆಗೆ ಭುಜಕ್ಕೆ ತಾಗಿಸಿದೆ. ಐದನೆಯ ದಿನ ತಾನೇ ಅದನ್ನು ಹಿಡಿದು ಅಜ್ಜಿಯ ಮೊಣಕಾಲಿಗೆ ಒತ್ತಿದ. ಸದ್ದಿಗೆ ಮಗು ಒಗ್ಗಿಕೊಳ್ಳುತ್ತದೆ. ಎಳೆತಕ್ಕೆ ಒಗ್ಗುವುದಿಲ್ಲ, ಒಗ್ಗಬೇಕೆಂದು ಕೇಳುವುದೂ ತಪ್ಪು.

ಕೂರಿಸುವ ವಿಧಾನದಲ್ಲೂ ಬೇರೆ ಬೇರೆ ಪ್ರಯೋಗ ನಡೆಯಿತು. ನಿದ್ದೆಯಲ್ಲಿ ಕತ್ತರಿಸಿದಾಗ ಒಂದು ಮಗ್ಗುಲು ಮಾತ್ರ ಮುಗಿಯಿತು. ಬೆಚ್ಚಿಬಿದ್ದು ಎದ್ದವನು ಎರಡು ವಾರ ನನ್ನ ಪಕ್ಕ ಮಲಗಲಿಲ್ಲ, ಮತ್ತೆ ಆ ದಾರಿ ಹಿಡಿಯಲಿಲ್ಲ. ಅತ್ತೆಯ ತೊಡೆಯ ಮೇಲೆ ಕೂರಿಸಿದರೆ ಅವನು ಅವರ ಎದೆಗೆ ಮುಖ ಒತ್ತಿಕೊಳ್ಳುತ್ತಾನೆ. ಹಿಂದಲೆ ಚೆನ್ನಾಗಿ ಸಿಗುತ್ತದೆ, ಮುಂದಲೆ ಸಿಗುವುದೇ ಇಲ್ಲ. ಈಗ ಬಚ್ಚಲುಮನೆಯ ಹೊರಗೆ ಮಣೆ ಹಾಕಿ, ಬರಿಮೈಯಲ್ಲಿ ಕೂರಿಸುತ್ತೇನೆ. ಕುತ್ತಿಗೆಗೆ ಬಿಗಿಯುವ ಪ್ಲಾಸ್ಟಿಕ್ ಹೊದಿಕೆಯೇ ಅವನ ಅರ್ಧ ಹೆದರಿಕೆಗೆ ಕಾರಣವಾಗಿತ್ತು. ಕುತ್ತಿಗೆಗೆ ಪೌಡರ್ ಹಚ್ಚಿದರೆ ಬಿದ್ದ ಕೂದಲು ಚುಚ್ಚದೆ ಜಾರಿ ಹೋಗುತ್ತದೆ. ಮುಗಿದ ಕೂಡಲೇ ಬಿಸಿನೀರು.

ಮೊಬೈಲ್ ಕೊಡುತ್ತೇನೆ, ಆದರೆ ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ. ಹಿಂಗತ್ತು ಕತ್ತರಿಸುವಾಗ ಅವನ ತೊಡೆಯ ಮೇಲೆ, ಆಗ ತಲೆ ತಾನಾಗಿ ಬಾಗುತ್ತದೆ. ಮಗ್ಗುಲು ಕತ್ತರಿಸುವಾಗ ಅತ್ತೆ ಅದನ್ನು ಅವನ ಕಣ್ಣಿನ ನೇರಕ್ಕೆ ಹಿಡಿಯುತ್ತಾರೆ.

ಕಳೆದ ಭಾನುವಾರದ್ದನ್ನು ಹೇಳುತ್ತೇನೆ. ಶನಿವಾರ ತಲೆ ತೊಳೆದು ಎಣ್ಣೆ ಹಚ್ಚದೆ ಬಿಟ್ಟಿದ್ದೆ. ಮಂಗಳವಾರ, ಶುಕ್ರವಾರ ಅತ್ತೆ ಒಪ್ಪುವುದಿಲ್ಲ. ಸಂಜೆ ನಮ್ಮಲ್ಲಿ ವೋಲ್ಟೇಜ್ ಇಳಿದು ವೈರಿನ ಕ್ಲಿಪ್ಪರಿನ ಬಲವೂ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೇ ಕೂತೆವು. ಮೆಷಿನ್ನನ್ನು ಅವನಿಂದ ಒಂದು ಮಾರು ದೂರದಲ್ಲಿ ಹಚ್ಚಿಕೊಂಡು ಹತ್ತಿರ ತಂದೆ. ಮೊದಲು ಹಿಂಗತ್ತು, ಆಮೇಲೆ ಎರಡು ಮಗ್ಗುಲು, ಮೂರನೆಯ ಬಾಚಣಿಗೆಯಲ್ಲಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ. ನೆತ್ತಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಅವನು ನಡುವೆ ಎದ್ದು ಓಡಿದರೂ ನೆತ್ತಿಯ ಉದ್ದಗೂದಲು ಅಸಹ್ಯವಾಗಿ ಕಾಣುವುದಿಲ್ಲ. ನನ್ನ ಕಿರುಬೆರಳು ಸದಾ ಅವನ ತಲೆಗೆ ಆನಿಕೊಂಡಿರುತ್ತದೆ. ಅವನು ತಿರುಗಿದರೆ ಕೈಯೂ ಜೊತೆಗೇ ತಿರುಗುತ್ತದೆ, ಅಲಗು ಕುತ್ತುವುದಿಲ್ಲ. ಎಂಟನೆಯ ನಿಮಿಷಕ್ಕೆ ಅಲಗನ್ನು ನನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿದೆ, ಬಿಸಿ ಏರಿತ್ತು. ಆರಿಸಿ, ಅವನಿಗೆ ಎರಡು ದ್ರಾಕ್ಷಿ ಕೊಟ್ಟು ಕಾದೆ.

ನೆತ್ತಿಗೆ ನಾಲ್ಕನೆಯ ಬಾಚಣಿಗೆ. ಸುಳಿಯ ಹತ್ತಿರ ಕೂದಲು ಸುತ್ತಲೂ ಬೆಳೆಯುವುದರಿಂದ ಅಲ್ಲಿ ನಾಲ್ಕು ದಿಕ್ಕಿನಿಂದ ಓಡಿಸಿದೆ. ಕಿವಿಯ ಸುತ್ತ ಮಾತ್ರ ದೊಡ್ಡ ಮೆಷಿನ್ ತಾಗಿಸಲಿಲ್ಲ. ಹೆಬ್ಬೆರಳಿನಿಂದ ಕಿವಿಯನ್ನು ಮುಂದಕ್ಕೆ ಮಡಿಸಿ, ಮಕ್ಕಳ ಕ್ಲಿಪ್ಪರಿನಿಂದ ಅಂಚು ತೆಗೆದೆ. ವಿರಾಮವೂ ಸೇರಿ ಒಟ್ಟು 18 ನಿಮಿಷ. ಎಡಗಿವಿಯ ಹಿಂದೆ ನಾಲ್ಕು ಎಳೆ ಉಳಿದಿದ್ದವು. ಅಷ್ಟರಲ್ಲಿ ಅವನು "ಸಾಕು" ಎಂದ. ಮೆಷಿನ್ ಆರಿಸಿ ಸ್ನಾನಕ್ಕೆ ಎತ್ತಿಕೊಂಡೆ. ಆ ನಾಲ್ಕು ಎಳೆಗಳನ್ನು ಸೋಮವಾರ ಸಂಜೆ ಅವನು ಊಟ ಮಾಡುತ್ತಿದ್ದಾಗ ಕತ್ತರಿಯಲ್ಲಿ ತೆಗೆದೆ.